ತೆಲುಗು ನೋಟೀಸಿಗೆ ಕನ್ನಡದ ಉತ್ತರ

ಬಳ್ಳಾರಿಯಲ್ಲಿ ಬಾಡಿಗೆ ಮನೆ ಹಿಡಿದವರಲ್ಲಿ ಅನೇಕರಿಗೆ ಮನೆ ಇಲ್ಲಿ, ಓನರ್ ಗಡಿಯಾಚೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಮನೆತನಗಳ ಹೊಲ, ಮನೆ, ನೆಂಟಸ್ತಿಕೆ ಎರಡೂ ಕಡೆ ಹಾಗೆಯೇ ಉಳಿದವು. ಇಂಥ ಮನೆಯ ಯಜಮಾನರು ಬಾಯಲ್ಲಿ ಕನ್ನಡ, ತೆಲುಗು ಎರಡನ್ನೂ ಸಲೀಸಾಗಿ ಆಡುತ್ತಾರೆ. ಆದರೆ ಶಾಲೆಯಲ್ಲಿ ಕಲಿತದ್ದು ತೆಲುಗಾದ್ದರಿಂದ ಕಾಗದಕ್ಕೆ ಕೈ ಹಚ್ಚಿದರೆ ತೆಲುಗೇ ಬರುತ್ತದೆ.

ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆಗಿರುವ ಒಬ್ಬ ಮೇಷ್ಟ್ರಿಗೆ ಕಳೆದ ಮೇ ತಿಂಗಳಲ್ಲಿ ಅಂಥದೊಂದು ಕಾಗದ ಬಂತು. ಓನರ್ ರಾಯದುರ್ಗದವರು, ಹಿರಿಯರು. ಕೈಯಲ್ಲಿ ಬರೆದ ಅರ್ಧ ಪುಟದ ನೋಟೀಸನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸ್ಯಾಪಿನಲ್ಲಿ ಕಳಿಸಿದ್ದರು. ಮೇಷ್ಟ್ರು ಹಾವೇರಿ ಕಡೆಯವರು. ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ತೆಲುಗು ಬಂದಿದೆ, ಓದಲು ಬಾರದು. ನನಗೆ ಎರಡೂ ಲಿಪಿ ಬರುತ್ತವೆಂದು ಫೋಟೋ ನನ್ನ ಬಳಿ ಬಂತು. ಕಾಗದದಲ್ಲಿ ಎರಡು ವಿಷಯ ಇದ್ದವು: ಮನೆ ರಿಪೇರಿ ಮತ್ತು ಬಾಡಿಗೆ ಏರಿಕೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು, ತೊಡಕು ಇದ್ದದ್ದು ಅಲ್ಲಿಯೇ.

ಉತ್ತರ ಯಾವ ಭಾಷೆಯಲ್ಲಿ ಬರೆಯಬೇಕೆಂಬ ಪ್ರಶ್ನೆ ಮೊದಲು ಎದ್ದಿತು. ಓನರಿಗೆ ಅನುಕೂಲವಾಗಲೆಂದು ತೆಲುಗಿನಲ್ಲೇ ಬರೆದುಕೊಡಿ ಎಂದರು ಮೇಷ್ಟ್ರು. ನಾನು ಒಪ್ಪಲಿಲ್ಲ. ಬಾಡಿಗೆಯ ವಿಷಯದಲ್ಲಿ ಬರೆದು ಸಹಿ ಹಾಕಿದ ಕಾಗದ ನಾಳೆ ಸಾಕ್ಷಿಯಾಗುತ್ತದೆ. ತಾನು ಓದಲಾರದ ಕಾಗದಕ್ಕೆ ಸಹಿ ಹಾಕಿದವರು, ಅದರಲ್ಲಿ ಏನಿದೆ ಎಂದು ಯಾರಾದರೂ ಕೇಳಿದಾಗ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. ಓನರ್ ತಮ್ಮ ಭಾಷೆಯಲ್ಲಿ ಬರೆದರು, ಅದು ಅವರಿಗೆ ಸಲ್ಲುವ ಅನುಕೂಲ. ಬಾಡಿಗೆದಾರರು ತಮ್ಮ ಭಾಷೆಯಲ್ಲಿ ಉತ್ತರ ಬರೆಯುವುದೂ ಅಷ್ಟೇ ಸಹಜ. ಅವರು ಕನ್ನಡ ಮಾತನಾಡುವವರು, ಅಚ್ಚಿನ ಕನ್ನಡವನ್ನು ನಿಧಾನವಾಗಿ ಓದಬಲ್ಲವರು. ಆದ್ದರಿಂದ ನಮ್ಮ ಮುಂದಿದ್ದ ಕೆಲಸ, ನೋಟೀಸನ್ನು ಸರಿಯಾಗಿ ಅರ್ಥ ಮಾಡಿಕೊಂಡು ಅವರು ಓದಬಹುದಾದ ಕನ್ನಡದಲ್ಲಿ ಉತ್ತರ ಕೊಡುವುದು.

ಫೋಟೋದಿಂದ ನೇರವಾಗಿ ಅನುವಾದಕ್ಕೆ ಕೈ ಹಾಕಬಾರದು. ಮೊದಲು ಕಂಡದ್ದನ್ನು ಕಂಡಂತೆ ಇಳಿಸಿಕೊಳ್ಳಬೇಕು. ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಿದ್ದು ಕುಗ್ಗಿ ಬರುತ್ತದೆ, ದೊಡ್ಡದು ಮಾಡಿದರೆ ಮಸುಕಾಗುತ್ತದೆ. ತೆಲುಗಿನಲ್ಲೂ ನಮ್ಮಂತೆಯೇ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಕಾಗದದ ಮಡಿಕೆ ಅಥವಾ ನೆರಳು ಸರಿಯಾಗಿ ಅಲ್ಲೇ ಬಿದ್ದರೆ ಒತ್ತು ಮಾಯವಾಗಿ ಬೇರೆಯೇ ಶಬ್ದ ಕಾಣುತ್ತದೆ. ಅದಕ್ಕೆ ಓನರಿಗೆ ಫೋನ್ ಮಾಡಿಸಿ, "ಯಜಮಾನ್ರೇ, ಕಾಗದ ಸ್ವಲ್ಪ ಮಸುಕಾಗೈತ್ರಿ, ಬೆಳಕಿನಾಗ ಇಟ್ಟು ಡಾಕ್ಯುಮೆಂಟ್ ಮಾಡಿ ಕಳಿಸ್ತೀರಾ?" ಎಂದು ಕೇಳಿಸಿದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ. ಸಂಜೆ ಸ್ವಚ್ಛವಾದ ಪ್ರತಿ ಬಂತು. ಹಳೆಯ ಫೋಟೋದಲ್ಲಿ 10,300 ಎಂದು ಕಾಣುತ್ತಿದ್ದ ಅಂಕಿ 10,500 ಎಂದು ತಿಳಿದದ್ದು ಆಗಲೇ.

ನೋಟೀಸಿನ ಮುಖ್ಯ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಇಳಿಸಿದರೆ ಹೀಗಾಗುತ್ತದೆ:

"ಇಂದುಮೂಲಮುಗಾ ತೆಲಿಯಜೇಯುನದಿ ಏಮನಗಾ, ಇಂಟಿ ಪೈಕಪ್ಪು ಮರಮ್ಮತ್ತು ಪನುಲು ವಚ್ಚೇ ನೆಲ 5ವ ತೇದೀ ನುಂಡಿ ಮೊದಲವುತಾಯಿ. ವಂಟಗದಿ, ವೆನುಕ ಗದಿ ಖಾಳೀಗಾ ಉಂಚಗಲರು. ಪೈಪುಲು, ಕುಳಾಯಿಲು, ಸ್ವಿಚ್ಚುಲ ಮರಮ್ಮತ್ತುಲು ಅದ್ದೆಕುನ್ನವಾರೇ ಚೇಯಿಂಚುಕೋವಾಲಿ. ಜೂನ್ ನೆಲ ನುಂಡಿ ಅದ್ದೆ 9,000 ನುಂಡಿ 10,500ಕು ಪೆಂಚಡಮೈನದಿ. ಪ್ರತಿ ನೆಲಾ 5ವ ತೇದೀಲೋಗಾ ಚೆಲ್ಲಿಂಚಗಲರು. ಲೇನಿ ಪಕ್ಷಮುಲೋ ಅಡ್ವಾನ್ಸು ನುಂಡಿ ಮಿನಹಾಯಿಂಚಬಡುನು."

ಕನ್ನಡ ಕಿವಿಗೆ ಅರ್ಧ ಅರ್ಥವಾದಂತೆ ಅನ್ನಿಸುತ್ತದೆ. ಮೊದಲ ಸಾಲು "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂಬುದರ ಪಡಿಯಚ್ಚು. ಮರಮ್ಮತ್ತು ನಮ್ಮ ಮರಾಮತ್ತೇ. ಈ ಅರ್ಧ ಅರ್ಥವೇ ಅಪಾಯ. "ನೆಲ" ಎಂದರೆ ನಮಗೆ ಕಾಲ ಕೆಳಗಿನ ನೆಲ, ಇಲ್ಲಿ ಅದು ತಿಂಗಳು. ರಿಪೇರಿಯ ಕಾಗದದಲ್ಲಿ ಈ ಶಬ್ದ ಕಂಡರೆ ಕಲ್ಲುಹಾಸು ಕಿತ್ತು ಹಾಕುತ್ತಾರೆಂದೇ ಯಾರಿಗಾದರೂ ಅನ್ನಿಸುತ್ತದೆ. ಮೇಷ್ಟ್ರ ಹೆಂಡತಿ ಪಕ್ಕದವರ ಬಾಯಲ್ಲಿ ಓದಿಸಿಕೊಂಡು ಹಾಗೆಯೇ ತಿಳಿದು ಗಾಬರಿಯಾಗಿದ್ದರು. "ಪೈಕಪ್ಪು" ಎಂದರೆ ಸೂರು, ತಾರಸಿ. "ಅದ್ದೆ" ಬಾಡಿಗೆ. "ಚೆಲ್ಲಿಂಚು" ಎಂದರೆ ಪಾವತಿ ಮಾಡು, ನಮ್ಮ ಚೆಲ್ಲುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಶಬ್ದಗಳಿಗಿಂತ ಕ್ರಿಯಾಪದಗಳ ಬಾಲ ನೋಡುವುದು ಮುಖ್ಯ. ಹಣ ಯಾರದು ಎಂಬುದು ಅಡಗಿರುವುದು ಅಲ್ಲಿ. "ಚೇಯಿಂಚುಕೋವಾಲಿ" ಎಂದರೆ ಮಾಡಿಸಿಕೊಳ್ಳಬೇಕು. ನಮ್ಮ "ಕೊಳ್ಳು"ವಿನ ಕೆಲಸವನ್ನು ಅಲ್ಲಿ "ಕೋ" ಮಾಡುತ್ತದೆ. ಅದಕ್ಕೆ "ಅದ್ದೆಕುನ್ನವಾರೇ", ಅಂದರೆ ಬಾಡಿಗೆಗಿರುವವರೇ ಎಂಬ ಒತ್ತು ಸೇರಿದೆ. ಹಾಗಾಗಿ ಪೈಪು, ನಲ್ಲಿ, ಸ್ವಿಚ್ಚುಗಳ ಖರ್ಚು ಬಾಡಿಗೆದಾರರದು ಎಂಬುದರಲ್ಲಿ ಸಂಶಯವಿಲ್ಲ. ತಾರಸಿಯ ಸಾಲಿನಲ್ಲಿ "ಪನುಲು ಮೊದಲವುತಾಯಿ", ಕೆಲಸ ಶುರುವಾಗುತ್ತದೆ ಎಂದಷ್ಟೇ ಇದೆ. ಯಾರ ಖರ್ಚು ಎಂದು ಬರೆದಿಲ್ಲ. ಬಾಡಿಗೆದಾರರ ಪಾಲನ್ನು ಬೇರೆಯಾಗಿ ಎತ್ತಿ ಹೇಳಿದ್ದರಿಂದ ತಾರಸಿ ಓನರ್ ಪಾಲು ಎಂದು ಊಹಿಸಬಹುದು. ಊಹೆಯನ್ನು ಉತ್ತರದಲ್ಲಿ ಬರೆದು ಖಚಿತ ಮಾಡಿಕೊಳ್ಳಬೇಕು.

ಇನ್ನು "ಉಂಚಗಲರು", "ಚೆಲ್ಲಿಂಚಗಲರು". ಪದಕ್ಕೆ ಪದ ಇಟ್ಟರೆ "ಇಡಬಲ್ಲಿರಿ", "ಪಾವತಿಸಬಲ್ಲಿರಿ" ಎಂದಾಗುತ್ತದೆ, ಇಷ್ಟವಿದ್ದರೆ ಮಾಡಿ ಎಂಬಂತೆ. ತೆಲುಗು ಕಾಗದಪತ್ರಗಳಲ್ಲಿ "ಗಲರು" ಎಂಬುದು ವಿನಯದ ಕೋರಿಕೆ, ನಾವು "ಪಾವತಿಸಬೇಕಾಗಿ ವಿನಂತಿ" ಎಂದು ಬರೆಯುವ ಜಾಗ. ಹಿರಿಯರು ಗದರಿಸಿ ಬರೆದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ, ಉತ್ತರದ ದನಿಯನ್ನೂ ಇದು ನಿಶ್ಚಯಿಸುತ್ತದೆ. ಕೊನೆಯಲ್ಲಿ ಮಾತ್ರ ಬಿಗಿ ಇದೆ. "ಪೆಂಚಡಮೈನದಿ" ಎಂದರೆ ಹೆಚ್ಚಿಸಲಾಗಿದೆ, ಆಗಿಹೋದ ಮಾತಿನಂತೆ. "ಲೇನಿ ಪಕ್ಷಮುಲೋ" ಎಂದರೆ ಇಲ್ಲದ ಪಕ್ಷದಲ್ಲಿ, "ಮಿನಹಾಯಿಂಚಬಡುನು" ಎಂದರೆ ಕಳೆಯಲಾಗುವುದು. ಆದರೆ ಯಾವುದು ಇಲ್ಲದ ಪಕ್ಷದಲ್ಲಿ? ಬಾಡಿಗೆ ಕೊಡದಿದ್ದರೋ, ರಿಪೇರಿ ಮಾಡಿಸಿಕೊಳ್ಳದಿದ್ದರೋ? ಸಾಲುಗಳು ನಿಂತ ಕ್ರಮ ನೋಡಿದರೆ ಬಾಡಿಗೆ. ಓನರ್ ಮನಸ್ಸಿನಲ್ಲಿ ಎರಡೂ ಇದ್ದಿರಬಹುದು. ಅನುವಾದಿಸುವವರು ಇಂಥ ಕಡೆ ತಾವೇ ತೀರ್ಮಾನಿಸಬಾರದು. ಎರಡು ಅರ್ಥ ಬರುತ್ತದೆ ಎಂದು ಪಕ್ಕದಲ್ಲಿ ಬರೆದಿಡಬೇಕು.

ಅರ್ಥ ಸಿಕ್ಕ ಮೇಲೆ ಉತ್ತರಕ್ಕೆ ಮುಂಚೆ ಬಾಡಿಗೆ ಕರಾರು ತೆಗೆದು ನೋಡಬೇಕು. ಮೇಷ್ಟ್ರ ಕರಾರು 11 ತಿಂಗಳಿನದು, ನವೆಂಬರ್ 1ರಿಂದ ಸೆಪ್ಟೆಂಬರ್ 30ರವರೆಗೆ. ಬಾಡಿಗೆ 9,000 ರೂಪಾಯಿ, ಅಡ್ವಾನ್ಸ್ 50,000. ನವೀಕರಣದ ಹೊತ್ತಿಗೆ ಶೇಕಡಾ 5 ಏರಿಕೆ ಎಂಬ ಮಾತಿದೆ. ಲೆಕ್ಕ ಹಾಕಿದರೆ ಅಕ್ಟೋಬರಿನಿಂದ 450 ರೂಪಾಯಿ ಹೆಚ್ಚಾಗಿ 9,450 ಆಗಬೇಕು. ನೋಟೀಸಿನ ಏರಿಕೆ 1,500 ರೂಪಾಯಿ, ಅಂದರೆ ಶೇಕಡಾ 16ಕ್ಕೂ ಮೇಲೆ, ಅದೂ ಕರಾರು ಮುಗಿಯುವುದಕ್ಕೆ ನಾಲ್ಕು ತಿಂಗಳು ಮೊದಲು. ರಿಪೇರಿಯ ಬಗ್ಗೆ ಕರಾರಿನಲ್ಲಿ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ಕಟ್ಟಡದ ರಿಪೇರಿ ಮಾಲೀಕರದು" ಎಂದು ಒಂದೇ ಸಾಲು. ಬಹುಪಾಲು ಕರಾರುಗಳಲ್ಲಿ ಇಷ್ಟೇ ಇರುತ್ತದೆ, ಜಗಳಗಳು ಹುಟ್ಟುವುದೂ ಇದೇ ಸಾಲಿನಿಂದ.

ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಬೇಕು, ಕಾಗದದಲ್ಲಿ ಬರೆಯಬೇಕಾಗಿಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ ಅನ್ವಯಿಸುವಂಥದ್ದು, 9,000 ರೂಪಾಯಿಯ ಮನೆ ಅದರ ಮಿತಿ ದಾಟಿರುತ್ತದೆ. ಆಗ ಉಳಿಯುವುದು ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಅಧಿನಿಯಮ. ಅದರ 108ನೇ ಕಲಮಿನ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕು, ಸಹಜ ಸವೆತ ಬಿಟ್ಟು. ಯಜಮಾನರು ತಕ್ಕ ಹೊತ್ತಿನಲ್ಲಿ ಒಳಗೆ ಬಂದು ನೋಡಲು ಬಿಡಬೇಕು. ಯಜಮಾನರು ಮಾಡಿಸಲು ಬದ್ಧರಾದ ರಿಪೇರಿಯನ್ನು, ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. "ಬದ್ಧರಾದ" ಮತ್ತು "ತಿಳಿಸಿದ ಮೇಲೂ" ಎಂಬ ಎರಡು ಷರತ್ತುಗಳನ್ನು ಮರೆತು, ಸುಮ್ಮನೆ ರಿಪೇರಿ ಮಾಡಿಸಿ ಬಾಡಿಗೆ ಮುರಿದುಕೊಂಡವರು ತೊಂದರೆಗೆ ಸಿಕ್ಕುತ್ತಾರೆ.

ಯಾವ ರಿಪೇರಿ ಯಾರದು ಎಂಬುದಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿ ಒಳ್ಳೆಯ ಕೈಗಂಬ. ರಾಜ್ಯವೊಂದು ಅದನ್ನು ತನ್ನ ಕಾಯ್ದೆಯಾಗಿ ತರುವ ತನಕ ಅದು ಯಾರನ್ನೂ ಕಟ್ಟಿಹಾಕದು, ಆದರೆ ಮಾತುಕತೆಗೆ ಆಧಾರವಾಗುತ್ತದೆ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು ಬದಲಾವಣೆ, ಒಳಗಿನ ಹೊರಗಿನ ವೈರಿಂಗ್ ಯಜಮಾನರದು. ನಲ್ಲಿ ಮತ್ತು ಅದರ ವಾಷರ್, ಚರಂಡಿ ಶುಚಿ, ಸ್ವಿಚ್ಚು ಸಾಕೆಟ್ಟು, ಬಾಗಿಲ ಬೀಗ ಬಾಡಿಗೆದಾರರದು. ನೋಟೀಸಿನ ಸಾಲನ್ನು ಇದರ ಪಕ್ಕ ಇಟ್ಟರೆ ನಲ್ಲಿ, ಸ್ವಿಚ್ಚು ಸರಿಯಾಗಿಯೇ ಇವೆ. ಪೈಪು ಒಂದೇ ತಪ್ಪು ಕಡೆ ಸೇರಿದೆ.

ಆ ಪೈಪಿನದೇ ಮೇಷ್ಟ್ರ ಮನೆಯ ನಿಜವಾದ ತಲೆನೋವು. ಬಚ್ಚಲು ಮನೆಯ ಗೋಡೆಯಲ್ಲಿ, ನೆಲದಿಂದ ಮೊಣಕಾಲೆತ್ತರಕ್ಕೆ ತೇವ ಹಿಡಿದು ಗಿಲಾವು ಉಬ್ಬಿತ್ತು. ಅದು ತಾರಸಿಯಿಂದ ಇಳಿದ ನೀರೋ, ಗೋಡೆಯೊಳಗಿನ ಪೈಪಿನದೋ, ಬಚ್ಚಲಿನ ನೀರು ಇಂಗಿದ್ದೋ ಎಂದು ತಿಳಿಯದೆ ಬರೆದರೆ ಉತ್ತರ ಸಡಿಲವಾಗುತ್ತದೆ. ಇದನ್ನು ಕಂಡುಕೊಳ್ಳುವ ದಾರಿ ಸುಲಭ. ಮಳೆ ಬಂದಾಗ ಮಾತ್ರ ತೇವ ಹೆಚ್ಚಾದರೆ ತಾರಸಿ. ಸ್ನಾನ ಮಾಡಿದಾಗ ಮಾತ್ರ ಹೆಚ್ಚಾಗಿ ಆಮೇಲೆ ಒಣಗಿದರೆ ನೀರು ಹೊರಹೋಗುವ ದಾರಿ. ಮಳೆಯಿಲ್ಲದೆ, ಬಳಕೆಯಿಲ್ಲದೆ, ಸದಾ ಒದ್ದೆ ಇದ್ದರೆ ಟ್ಯಾಂಕಿನಿಂದ ಬರುವ ಪೈಪು. ರಾತ್ರಿ ಎಲ್ಲ ನಲ್ಲಿ ಕಟ್ಟಿ, ಸಿಂಟೆಕ್ಸಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮುಂಚೆ ನೋಡಬೇಕು. ಮೇ ತಿಂಗಳ ಬಳ್ಳಾರಿಯಲ್ಲಿ ಮಳೆಯ ಮಾತೇ ಇರಲಿಲ್ಲ. ಬೆಳಿಗ್ಗೆ ಹೊತ್ತಿಗೆ ನೀರು ನಾಲ್ಕು ಬೆರಳು ಇಳಿದಿತ್ತು. ಗುರುತಿನ ಎರಡು ಫೋಟೋ, ಗೋಡೆಯದೊಂದು ಫೋಟೋ ತೆಗೆದಿಟ್ಟೆವು.

ಇನ್ನು ಬರವಣಿಗೆ. ನಮ್ಮ ವಿನಯಕ್ಕೆ ಒಂದು ದೌರ್ಬಲ್ಯ ಇದೆ. ಹಿರಿಯರಿಗೆ ಇಲ್ಲ ಎನ್ನಲು ಸಂಕೋಚಪಟ್ಟು "ನೋಡೋಣ", "ತಮ್ಮ ಮಾತಿನಂತಾಗಲಿ", "ಸದ್ಯಕ್ಕೆ ಕಷ್ಟ" ಎಂದು ಬರೆಯುತ್ತೇವೆ. ಫೋನಿನಲ್ಲಾದರೆ "ಆತು ಬಿಡ್ರಿ" ಎಂದುಬಿಡುತ್ತೇವೆ. ಬಳ್ಳಾರಿಯ ಮಾತಿನಲ್ಲಿ ಅದು ಮಾತು ಮುಗಿಸುವ ರೀತಿ ಅಷ್ಟೇ ಇರಬಹುದು, ಬಾಡಿಗೆ ಕೇಳಿದವರಿಗೆ ಅದು ಒಪ್ಪಿಗೆ. ಮರ್ಯಾದೆ ಇರಬೇಕಾದದ್ದು ಸಂಬೋಧನೆಯಲ್ಲಿ, ಕ್ರಿಯಾಪದದಲ್ಲಿ, ಕಾರಣ ಕೊಡುವ ರೀತಿಯಲ್ಲಿ. ಒಪ್ಪಿದೆಯೋ ಇಲ್ಲವೋ ಎಂಬ ವಿಷಯ ಅದರಡಿ ಮುಚ್ಚಿಹೋಗಬಾರದು. ಒಪ್ಪಿದ್ದಕ್ಕೆ ಮೊದಲ ಜಾಗ ಕೊಟ್ಟರೆ ಒಪ್ಪದ್ದನ್ನು ಹೇಳುವುದು ಸಲೀಸು. ಹಾಗೆ ಜೋಡಿಸಿದ ಪತ್ರ ಇದು:

"ಹಿರಿಯರಾದ ಮನೆ ಯಜಮಾನರಿಗೆ ನಮಸ್ಕಾರಗಳು.

ತಾವು ಮೇ 18ರಂದು ಕಳಿಸಿದ ತೆಲುಗು ಪತ್ರವನ್ನು ತೆಲುಗು ಬಲ್ಲವರಿಂದ ಓದಿಸಿ ತಿಳಿದುಕೊಂಡೆವು. ನಮಗೆ ತಿಳಿದದ್ದು ಹೀಗಿದೆ: ಜೂನ್ 5ರಿಂದ ತಾರಸಿ ರಿಪೇರಿ ಶುರು. ಅಡುಗೆ ಮನೆ ಮತ್ತು ಹಿಂದಿನ ಕೋಣೆ ಖಾಲಿ ಇರಬೇಕು. ಪೈಪು, ನಲ್ಲಿ, ಸ್ವಿಚ್ಚಿನ ರಿಪೇರಿ ನಮ್ಮದು. ಜೂನ್ ತಿಂಗಳಿಂದ ಬಾಡಿಗೆ 10,500 ರೂಪಾಯಿ. ಇದರಲ್ಲಿ ಯಾವುದನ್ನಾದರೂ ನಾವು ತಪ್ಪಾಗಿ ತಿಳಿದಿದ್ದರೆ ದಯಮಾಡಿ ತಿಳಿಸಬೇಕು.

ಮಳೆಗಾಲಕ್ಕೆ ಮುಂಚೆ ತಾರಸಿ ಮಾಡಿಸುತ್ತಿರುವುದು ನಮಗೆ ಬಹಳ ಅನುಕೂಲ. ಇದರ ಖರ್ಚು ತಮ್ಮದು ಎಂದು ತಿಳಿದಿದ್ದೇವೆ. ಜೂನ್ 4ರ ಸಂಜೆಯೊಳಗೆ ಎರಡೂ ಕೋಣೆ ಖಾಲಿ ಮಾಡಿಕೊಡುತ್ತೇವೆ. ಕೆಲಸ ಎಷ್ಟು ದಿನ ನಡೆಯುತ್ತದೆ, ಯಾವ ಹೊತ್ತಿಗೆ ಕೆಲಸದವರು ಬರುತ್ತಾರೆ ಎಂದು ತಿಳಿಸಿದರೆ ಅಡುಗೆಗೆ ಬೇರೆ ಏರ್ಪಾಡು ಮಾಡಿಕೊಳ್ಳುತ್ತೇವೆ. ಒಂದು ವಾರಕ್ಕಿಂತ ಹೆಚ್ಚು ದಿನ ಅಡುಗೆ ಮನೆ ಸಿಗದಿದ್ದರೆ ಆ ದಿನಗಳ ಬಾಡಿಗೆಯ ಬಗ್ಗೆ ತಾವೇ ಯೋಚಿಸಿ ಒಂದು ಮಾತು ಹೇಳಬೇಕಾಗಿ ವಿನಂತಿ.

ನಲ್ಲಿ ಮತ್ತು ಸ್ವಿಚ್ಚುಗಳನ್ನು ನಾವೇ ನಮ್ಮ ಖರ್ಚಿನಲ್ಲಿ ಸರಿಮಾಡಿಸುತ್ತೇವೆ. ಬಚ್ಚಲು ಮನೆಯ ಗೋಡೆಯೊಳಗಿನ ಪೈಪು ಸೋರುತ್ತಿದೆ. ಎಲ್ಲ ನಲ್ಲಿ ಕಟ್ಟಿದರೂ ರಾತ್ರಿಯಲ್ಲಿ ಟ್ಯಾಂಕಿನ ನೀರು ಇಳಿಯುತ್ತದೆ. ಮೂರು ಫೋಟೋ ಜೊತೆಗಿವೆ. ಗೋಡೆ ಒಡೆದು ಮಾಡಬೇಕಾದ ಕೆಲಸವಾದ್ದರಿಂದ ಇದು ಕರಾರಿನಂತೆ ಕಟ್ಟಡದ ರಿಪೇರಿ ಎಂದು ತಿಳಿದಿದ್ದೇವೆ. ತಾರಸಿಗೆ ಬರುವ ಕೆಲಸದವರಿಂದಲೇ ಇದನ್ನೂ ಮಾಡಿಸಿದರೆ ತಮಗೂ ಖರ್ಚು ಕಡಿಮೆಯಾದೀತು.

ಬಾಡಿಗೆ ಬಗ್ಗೆ: ನಮ್ಮ ಕರಾರು ಸೆಪ್ಟೆಂಬರ್ 30ರವರೆಗೆ ಇದೆ. ಅಲ್ಲಿಯವರೆಗೆ ಬಾಡಿಗೆ 9,000 ರೂಪಾಯಿ ಎಂದು ಬರೆದಿದೆ. ಆದ್ದರಿಂದ ಜೂನ್‌ನಿಂದ 10,500 ಕೊಡಲು ನಮಗೆ ಒಪ್ಪಿಗೆ ಇಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬಾರದು. 9,000 ರೂಪಾಯಿಯನ್ನು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ತಪ್ಪದೆ ಕಳಿಸುತ್ತೇವೆ. ಅಕ್ಟೋಬರಿನಿಂದ ಕರಾರಿನಂತೆ 9,450 ಕೊಡಲು ಸಿದ್ಧರಿದ್ದೇವೆ. ಅದಕ್ಕಿಂತ ಹೆಚ್ಚಿನ ಮಾತು ಇದ್ದರೆ ತಾವು ಬಂದಾಗ ಕುಳಿತು ಮಾತಾಡೋಣ.

ಅಡ್ವಾನ್ಸಿನಲ್ಲಿ ಕಳೆಯುವ ಬಗ್ಗೆ ತಾವು ಬರೆದದ್ದು ಬಾಡಿಗೆ ಬಾಕಿಗೋ, ರಿಪೇರಿ ಖರ್ಚಿಗೋ ನಮಗೆ ಸ್ಪಷ್ಟವಾಗಲಿಲ್ಲ. ಇವತ್ತಿನವರೆಗೆ ಬಾಡಿಗೆ ಬಾಕಿ ಇಲ್ಲ. ಏನನ್ನಾದರೂ ಕಳೆಯುವುದಿದ್ದರೆ ಮೊದಲು ನಮಗೆ ಲೆಕ್ಕ ತಿಳಿಸಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು."

ಮೊದಲ ಪ್ಯಾರಾ ಅನುವಾದದ ಪತ್ರಕ್ಕೆ ಮಾತ್ರ ಬೇಕಾಗುವಂಥದ್ದು. ಒಂದೇ ಭಾಷೆಯ ಪತ್ರವ್ಯವಹಾರದಲ್ಲಿ "ತಮ್ಮ ಪತ್ರ ತಲುಪಿತು" ಎಂದರೆ ಸಾಕು. ಇಲ್ಲಿ ನಡುವೆ ಮೂರನೆಯವನ ಓದು ಇದೆ, ಮಸುಕಾದ ಫೋಟೋ ಇದೆ. ನಾವು ಹೀಗೆ ತಿಳಿದೆವು ಎಂದು ಬರೆದಿಟ್ಟರೆ, ತಪ್ಪಿದ್ದಲ್ಲಿ ಓನರ್ ಮೊದಲ ದಿನವೇ ತಿದ್ದುತ್ತಾರೆ. ತಿದ್ದದೆ ಇದ್ದರೆ ಅದೇ ಅರ್ಥ ಇಬ್ಬರ ನಡುವೆ ನಿಲ್ಲುತ್ತದೆ.

ಬಾಡಿಗೆಯ ಪ್ಯಾರಾದಲ್ಲಿ "ಒಪ್ಪಿಗೆ ಇಲ್ಲ" ಎಂಬ ಎರಡು ಶಬ್ದವನ್ನು ತೆಗೆಯಲು ಮೇಷ್ಟ್ರು ಬಹಳ ಕೇಳಿಕೊಂಡರು. ನಾನು ಬಿಡಲಿಲ್ಲ. ಅದರ ಹಿಂದೆ ಕರಾರಿನ ತಾರೀಖು ಇದೆ, ಮುಂದೆ ಬೇಸರ ಬೇಡವೆಂಬ ಮಾತಿದೆ, ಆಮೇಲೆ 9,450ರ ಒಪ್ಪಿಗೆಯೂ ಮಾತುಕತೆಯ ಬಾಗಿಲೂ ಇದೆ. ಇಷ್ಟರ ನಡುವೆ ಕೂತ ಇಲ್ಲ ಯಾರಿಗೂ ಒರಟಾಗಿ ಕೇಳಿಸದು. ಅದೇ "ಕಾನೂನು ಕ್ರಮ", "108ನೇ ಕಲಮು" ಎಂದೆಲ್ಲ ಬರೆದಿದ್ದರೆ, ಗಲರು ಎಂದು ಗೌರವ ಕೊಟ್ಟು ಬರೆದ ಹಿರಿಯರಿಗೆ ಅವಮಾನವಾಗುತ್ತಿತ್ತು, ಮರುದಿನವೇ ಮನೆ ಬಿಡಿ ಎಂಬ ಫೋನು ಬರುತ್ತಿತ್ತು. ಕಲಮುಗಳಿಗೆ ವಕೀಲರ ಪತ್ರದಲ್ಲಿ ಜಾಗವಿದೆ.

ಕಾಗದದ ರೂಪಕ್ಕೂ ಸ್ವಲ್ಪ ಗಮನ ಕೊಟ್ಟೆವು. ಕನ್ನಡ ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು, ಆದ್ದರಿಂದ ತೆಲುಗು ಓದುವವರು ಅಚ್ಚಿನ ಕನ್ನಡವನ್ನು ತಡವರಿಸುತ್ತ ಓದಿಕೊಳ್ಳುತ್ತಾರೆ. ಕೈಬರಹ ಓದಲಾರರು. ತಲೆಕಟ್ಟು ಬೇರೆ, ಕ ಮತ್ತು ಹ ಬೇರೆ ಥರ ಕಾಣುತ್ತವೆ. ಎಲ್ಲಕ್ಕಿಂತ ತೊಡಕು ನಮ್ಮ ಅರ್ಕಾವತ್ತು. ಈಗಿನ ತೆಲುಗಿನಲ್ಲಿ ರಕಾರವನ್ನು ಮೊದಲು ಬರೆದು ಮುಂದಿನ ವ್ಯಂಜನವನ್ನು ಒತ್ತಾಗಿ ಕೆಳಗೆ ಇಡುತ್ತಾರೆ, ನಾವು ರಕಾರವನ್ನು ಅಕ್ಷರದ ಬಲಕ್ಕೆ ಅಂಟಿಸುತ್ತೇವೆ. ಅದಕ್ಕೇ ಪತ್ರದಲ್ಲಿ ಅಂಥ ಶಬ್ದಗಳನ್ನು ಆದಷ್ಟು ಕಡಿಮೆ ಮಾಡಿದೆ. ದೊಡ್ಡ ಅಕ್ಷರ, ಗಿಡ್ಡ ವಾಕ್ಯ, ಸಾಲುಗಳ ನಡುವೆ ಜಾಗ, ಹಣ ಮತ್ತು ತಾರೀಖಿಗೆ 1, 2, 3ರ ಅಂಕಿಗಳು. ಕನ್ನಡದ ಅಂಕಿ ಬಳಸಲಿಲ್ಲ, ಯಾಕೆಂದರೆ ಹಣದ ಲೆಕ್ಕದಲ್ಲಿ ಊಹೆಗೆ ಜಾಗ ಇರಬಾರದು. ಕೊನೆಯಲ್ಲಿ ನಾನು ತೆಲುಗಿನಲ್ಲಿ ನಾಲ್ಕು ಸಾಲಿನ ಸಾರಾಂಶ ಬರೆದು, "ಇದು ಓದಿಕೊಳ್ಳಲು ಮಾತ್ರ, ಸಹಿ ಮಾಡಿದ ಕನ್ನಡ ಪತ್ರವೇ ಮೂಲ" ಎಂದು ಎರಡೂ ಭಾಷೆಯಲ್ಲಿ ಸೇರಿಸಿದೆ.

ಎರಡು ಪ್ರತಿ ಮುದ್ರಿಸಿ ಎರಡಕ್ಕೂ ತಾರೀಖು ಹಾಕಿ ಸಹಿ ಮಾಡಿಸಿದೆವು. ಒಂದು ಸ್ಪೀಡ್ ಪೋಸ್ಟಿನಲ್ಲಿ ರಾಯದುರ್ಗಕ್ಕೆ ಹೋಯಿತು, ಅದರ ರಸೀದಿ ಕರಾರಿನ ಜೊತೆ ಕಡತಕ್ಕೆ ಸೇರಿತು. ಇನ್ನೊಂದನ್ನು ಫೋಟೋ ತೆಗೆದು, ಫೋಟೋಗಳ ಸಮೇತ ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದೆವು. ಜೂನ್ 3ರಂದು ಮೇಷ್ಟ್ರು 9,000 ರೂಪಾಯಿಯನ್ನು ಫೋನ್‌ಪೇಯಲ್ಲಿ "ಜೂನ್ ಬಾಡಿಗೆ" ಎಂಬ ಟಿಪ್ಪಣಿಯ ಜೊತೆ ಕಳಿಸಿದರು. ಇದು ಪತ್ರದಷ್ಟೇ ಮುಖ್ಯ. ಒಂದು ತಿಂಗಳು 10,500 ಕಳಿಸಿದರೆ ಏರಿಕೆಗೆ ಒಪ್ಪಿದಂತೆ ಕಾಣುತ್ತದೆ, ವ್ಯಾಜ್ಯವಿದೆ ಎಂದು ಏನೂ ಕಳಿಸದಿದ್ದರೆ ಬಾಕಿದಾರರಾಗುತ್ತಾರೆ.

ಕರಾರು ಮುಗಿದುಹೋಗಿದ್ದರೆ, ಅಥವಾ ಬಾಯಿಮಾತಿನ ಮೇಲೇ ಇದ್ದರೆ ಈ ಪತ್ರದ ಬಾಡಿಗೆಯ ಪ್ಯಾರಾ ನಿಲ್ಲುವುದಿಲ್ಲ. ಆಗ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 106ನೇ ಕಲಮಿನಂತೆ 15 ದಿನದ ನೋಟೀಸು ಕೊಟ್ಟು ಅದನ್ನು ಕೊನೆಗೊಳಿಸುವ ಹಕ್ಕು ಯಜಮಾನರಿಗಿದೆ. ಅಂಥವರು ಒಪ್ಪಿಗೆ ಇಲ್ಲ ಎಂದು ಬರೆಯುವ ಬದಲು ತಾವು ಕೊಡಬಹುದಾದ ಮೊತ್ತವನ್ನು, ಯಾವ ತಿಂಗಳಿಂದ ಎಂಬುದನ್ನು ಬರೆದು ಕೇಳಿಕೊಳ್ಳುವುದೇ ಸರಿಯಾದ ದಾರಿ. ರಿಪೇರಿಯ ಪ್ಯಾರಾಗಳು ಮಾತ್ರ ಅವರಿಗೂ ಹಾಗೆಯೇ ಸಲ್ಲುತ್ತವೆ.

ಪತ್ರ ತಲುಪಿದ ಮೇಲೆ ಓನರ್ ಫೋನ್ ಮಾಡಿದರು, ಕನ್ನಡದಲ್ಲಿಯೇ. ಪೈಪಿನ ಫೋಟೋ ನೋಡಿ, "ಅದು ಗೋಡಿ ಒಳಗಿಂದು ಅಂತ ನನಗ ಗೊತ್ತಿರಲಿಲ್ಲ ಮೇಷ್ಟ್ರೇ, ನಲ್ಲಿ ಪೈಪು ಅನ್ಕೊಂಡು ಬರೆದೆ" ಎಂದರು. ಅಡ್ವಾನ್ಸಿನಲ್ಲಿ ಕಳೆಯುವ ಮಾತು ಬಾಡಿಗೆ ಬಾಕಿಗೆ ಮಾತ್ರ ಎಂದು ಸ್ಪಷ್ಟಪಡಿಸಿದರು. ತಾರಸಿಯ ಗಾರೆ ಕೆಲಸದವರೇ ಬಚ್ಚಲು ಗೋಡೆ ಒಡೆದು ಪೈಪು ಬದಲಿಸಿದರು. ಬಾಡಿಗೆ ಸೆಪ್ಟೆಂಬರ್‌ವರೆಗೆ 9,000ದಲ್ಲೇ ನಿಂತಿತು. ತಾರಸಿಗೆ ಖರ್ಚಾಗಿದೆ ಎಂಬ ಅವರ ಮಾತಿಗೆ ಬೆಲೆ ಕೊಟ್ಟು, ಅಕ್ಟೋಬರಿನಿಂದ 9,800ಕ್ಕೆ ಇಬ್ಬರೂ ಒಪ್ಪಿದರು. ಹೊಸ ಕರಾರಿನಲ್ಲಿ ಗೋಡೆ ಮತ್ತು ನೆಲದೊಳಗಿನ ಪೈಪು, ವೈರು ಮಾಲೀಕರದು, ಹೊರಗೆ ಕಾಣುವ ನಲ್ಲಿ, ಸ್ವಿಚ್ಚು ಬಾಡಿಗೆದಾರರದು ಎಂದು ಬಿಡಿಸಿ ಬರೆಸಿದ್ದಾರೆ. ನೋಟೀಸು ಯಾರು ಯಾವ ಭಾಷೆಯಲ್ಲಿ ಕಳಿಸಿದರೂ ಹಣ ಮತ್ತು ತಾರೀಖನ್ನು ಅಂಕಿಯಲ್ಲಿ ಬೇರೆ ಸಾಲಿನಲ್ಲಿ ಬರೆಯಬೇಕು ಎಂಬುದೂ ಅದರಲ್ಲಿ ಸೇರಿದೆ.